ಎಂಟರ ಅಂಕಿ, ಆರನೇ ಮನೆ

ಹೆಣ್ಣು ನೋಡಲು ಬಂದ ನಾಗಣಸೂರಿನ ಹುಡುಗನನ್ನು ನಾನು ನೋಡಿದ್ದು ಒಂದೇ ಸಲ. ಅಷ್ಟಕ್ಕೇ ಮನಸ್ಸು ಕೊಟ್ಟುಬಿಟ್ಟಿದ್ದೆ. ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಮೊದಲೇ ಕರಜಗಿಯಿಂದ ನನ್ನ ಸೋದರಮಾವ ಬಂದು ನನ್ನ ಜನ್ಮಕುಂಡಲಿ ಬಿಚ್ಚಿ ಕೂತರು. ಕುಂಡಲಿ ನೋಡುವುದು ಅವರ ಹವ್ಯಾಸ. ಅವರು ಹ್ಞೂಂ ಅನ್ನದೆ ನಮ್ಮಲ್ಲಿ ಮದುವೆ ಮಾತು ಮುಂದೆ ಸಾಗುವುದಿಲ್ಲ.

"ಎಂಟನೇ ಮನಿಯಾಗ ಮಂಗಳ ಕುಂತಾನ. ಹುಡುಗಗ ಮಂಗಳದೋಷ ಇಲ್ಲ, ಇಕಿಗದ. ಕೂಡೂದಿಲ್ಲ. ಸಂಜೀಕ ಬ್ಯಾಡಂತ ಹೇಳಿಬಿಡೂಣು," ಅಂದರು.

ಸೋಲಾಪುರದ ನಮ್ಮ ಬಟ್ಟೆ ಅಂಗಡಿಯಲ್ಲಿ ಯಾರಿಗೂ ಸೋಲದ ಅಪ್ಪ, ಮಾವನೆದುರು ಮೆತ್ತಗಾದರು. ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲೋ ಕೂತ ಮಂಗಳ ನನ್ನ ಸಂಸಾರ ಕೆಡಿಸಲು ಯಾರು?

"ಮಾಮಾ, ಬ್ಯಾಡ ಅನ್ನೂಕಿಂತ ಮೊದಲ ಅಕ್ಕಲಕೋಟದ ಜ್ಯೋತಿಷಿ ಜೋಶಿಯವರಿಗೆ ತೋರಸ್ರಿ. ನಾನೂ ಬರ್ತೀನಿ," ಅಂದೆ. ಅಪ್ಪನೂ ಸೇರಿ ಮೂವರೂ ಬಸ್ಸು ಹತ್ತಿದೆವು.

ಜೋಶಿಯವರು ಹಾಳೆಯನ್ನು ನನ್ನ ಕಡೆಗೇ ತಿರುಗಿಸಿದರು. "ನಿಂದ ಅಲ್ಲೇನ ತಂಗಿ? ನೀನ ಓದು."

ನನಗೆ ಕಂಡಿದ್ದು ಶಂಕರಪಾಳಿ ತಿಂಡಿ ಕೊಯ್ದಂತೆ ಓರೆಗೆರೆಗಳ ಹನ್ನೆರಡು ಮನೆ, ಒಳಗೆ ಅಂಕಿಗಳು.

"ಮ್ಯಾಲ ನಡುವಿಂದು ಯಾವಾಗಲೂ ಒಂದನೇ ಮನಿ, ಅದ ಲಗ್ನ. ಅಲ್ಲಿಂದ ಎಡಕ್ಕ ಇಳಕೋತ ಎಣಿಸು. ಒಳಗಿನ ಅಂಕಿ ಮನಿದಲ್ಲ, ರಾಶಿದು."

ಮೇಲಿನ ಮನೆಯಲ್ಲಿ ಮೂರು ಇತ್ತು. ಮೂರನೇ ರಾಶಿ ಮಿಥುನ, ಅದೇ ನನ್ನ ಲಗ್ನ. ಬೆರಳಿಟ್ಟು ಎಣಿಸುತ್ತ ಇಳಿದೆ. ಕೆಳಗೆ ಎಡಗಡೆಯ ತ್ರಿಕೋನದಲ್ಲಿ 'ಮಂ', ಪಕ್ಕದಲ್ಲಿ ಎಂಟು. ಎಂಟು ಅಂದರೆ ವೃಶ್ಚಿಕ. ನನ್ನ ಎಣಿಕೆ ಆರಕ್ಕೇ ನಿಂತಿತ್ತು. ಮತ್ತೊಮ್ಮೆ ಎಣಿಸಿದೆ. ಆರೇ.

ಮಾವ ಒಪ್ಪಲಿಲ್ಲ. "ನಮ್ಮ ಚೌಕ ಕುಂಡಲಿಯಾಗ ಅಂಕಿನ ಇರೂದಿಲ್ರಿ. ಇದರಾಗ ಎಂಟಂತ ಬರದಾರ, ಎಣಿಸೇ ಬರದಾರಂತ ತಿಳಕೊಂಡೆ."

ಜೋಶಿಯವರು ನಗದೆ, ಅವರಿಗಾಗಿ ಚೌಕವನ್ನೇ ಬರೆದರು. ಅದರಲ್ಲಿ ರಾಶಿಗಳು ಜಾಗ ಬಿಡುವುದಿಲ್ಲ, ಲಗ್ನ ಮಾತ್ರ ಬೇರೆ ಬೇರೆ ಕಡೆ ಬೀಳುತ್ತದೆ. ಮೇಲೆ ಬಲಮೂಲೆ ಮಿಥುನದ್ದು. ಅಲ್ಲಿ 'ಲ' ಬರೆದರು. ಮಾವ ತಾವೇ ಬಲಬದಿಯಿಂದ ಕೆಳಗಿಳಿದು, ತಳಸಾಲಿನಲ್ಲಿ ಎಡಕ್ಕೆ ಹೊರಳಿ, ವೃಶ್ಚಿಕದ ಮೇಲೆ ಬೆರಳು ನಿಲ್ಲಿಸಿದರು.

"ಆರು," ಅಂದರು.

"ಆರನೇದು ವೈರಿ, ರೋಗದ ಮನಿ. ಅಲ್ಲಿ ಸ್ವಂತ ರಾಶಿಯ ಮಂಗಳ ಇದ್ರ ಇಕಿ ವೈರಿನ್ನ ಗೆಲ್ಲತಾಳ. ಮಂಗಳದೋಷ ಅಲ್ಲ," ಅಂದ ಜೋಶಿಯವರು ಚಂದ್ರನಿರುವ ಮನೆಯಿಂದಲೂ ಎಣಿಸಿ ನೋಡಿದರು. ಅಲ್ಲಿಂದಲೂ ದೋಷವಿರಲಿಲ್ಲ.

ಮಾವ ಎದ್ದು ಹೊರಗಿನ ಕಟ್ಟೆಗೆ ಹೋದರು. ಮುನಿಸಿಕೊಂಡರು ಎಂದುಕೊಂಡೆ. ಬಾಗಿಲವರೆಗೆ ಹೋದಾಗ ಅವರು ಫೋನಿನಲ್ಲಿ ನಾಗಣಸೂರಿನವರಿಗೆ ಹೇಳುತ್ತಿದ್ದರು:

"ಕುಂಡಲಿ ಕೂಡಿತ್ರೀ. ನಾನ ಎಣಿಸೂದು ತಪ್ಪಿದ್ದೆ. ಆದ್ರ ಹುಡುಗಿನ್ನ ನಾವಿನ್ನೂ ಕೇಳಿಲ್ಲ. ತಡೀರಿ, ಇಲ್ಲೇ ನಿಂತಾಳ, ಕೇಳಿ ಹೇಳ್ತೀನಿ."