ಗಬ್ಬೂರಿನ ಸೂರ್ಯಕಾಂತಿ, ತಾಳೆಯಾಗದ ಒಂದು

ನನ್ನ ಸಿಟ್ಟು ಮೂಗಿನ ತುದೀಮ್ಯಾಲೇ ಇರತದ ಅಂತ ನಮ್ಮವ್ವ ಯಾವಾಗಲೂ ಅಂತಿದ್ಲು. ಇದ್ರ ಇರಲಿ ಬಿಡ್ರಿ. ಆ ಮಳೆಗಾಲದಾಗ ನನ್ನ ಕೆಲಸ ಉಳಿಸಿದ್ದೇ ಆ ಸಿಟ್ಟು.

ಎಂಬತ್ತರ ದಶಕ ಮುಗಿಯಾಕ ಬಂದಿತ್ತು. ರಾಯಚೂರಿನ ನಮ್ಮ ಕೃಷಿ ಇಲಾಖೆ ಕಚೇರಿಗೆ ಮೊದಲ ಕಂಪ್ಯೂಟರ್ ಬಂತು. ಅದಕ್ಕೊಂದು ತಣ್ಣಗಿನ ಕೋಣಿ, ಕಿಟಕಿಗೆ ಪರದೆ, ಬಾಗಿಲ ಹೊರಗ ಚಪ್ಪಲಿ ಬಿಡಬೇಕು. ದೇವರ ಮನಿಗೂ ಅಷ್ಟು ಮಡಿ ಇರಂಗಿಲ್ಲ! ಟೈಪಿಂಗ್ ವಿಭಾಗದಾಗ ಬೆರಳು ಸವೆಸಾಕತ್ತಿದ್ದ ನನಗ ತರಬೇತಿ ಕೊಟ್ಟು ಅದರ ಮುಂದ ಕೂಡ್ರಿಸಿದ್ರು. ಮೊದಲ ದಿನ ಒಂದು ಅಂಕಿ ಬದಲು ಮಾಡಿದ್ರ ಕೆಳಗಿನ ಮೊತ್ತ ತಾನೇ ಬದಲಾಯ್ತು ನೋಡ್ರಿ, ನಾನು ಕುರ್ಚಿಯಿಂದ ಎದ್ದು ಚಪ್ಪಾಳಿ ಹೊಡದೆ.

ಕೆಲಸ ಏನಂದ್ರ ಬಿತ್ತನೆ ವರದಿ. ಯಾವ ಊರಾಗ ಯಾವ ಬೆಳಿ ಎಷ್ಟು ಬಿತ್ಯಾರ ಅಂತ ಊರಿಂದ ಎಕರೆ-ಗುಂಟೆಯೊಳಗ ಲೆಕ್ಕ ಬರತಿತ್ತು. ತಾಲ್ಲೂಕು ಕಚೇರಿಯವರು ಅದನ್ನ ಹೆಕ್ಟೇರ್ ಮಾಡಿ ನಮಗ ಕಳಸತಿದ್ರು. ನಾನು ವಾರಾ ವಾರಾ ಹೊಸ ಅಂಕಿ ತುಂಬಿ, ಸಾವಿರ ಹೆಕ್ಟೇರ್ ಲೆಕ್ಕದಾಗ ಹಾಳಿ ಅಚ್ಚು ಹಾಕಬೇಕು. ಪರೀಕ್ಷಾಕ್ಕ ಅಂತ ಮೂರೇ ತಾಲ್ಲೂಕು ಕೊಟ್ಟಿದ್ರು: ರಾಯಚೂರು, ಮಾನ್ವಿ, ದೇವದುರ್ಗ. ನಮ್ಮ ಸಾಹೇಬ್ರು ಮೊದಲೇ ಹೇಳಿಬಿಟ್ಟಿದ್ರು: "ಸೋಮವಾರದ ಮೀಟಿಂಗಿನಾಗ ಲೆಕ್ಕ ಸರಿ ಇದ್ರ ಮಷೀನೂ ಇರತದ, ನೀನೂ ಇರತೀ. ಇಲ್ಲಂದ್ರ ಮಷೀನು ಬ್ಯಾರೆ ಜಿಲ್ಲಾಕ್ಕ, ನೀನು ಟೈಪರೈಟರಿಗೆ."

ಮೊದಲ ವಾರದ ಹಾಳಿ ಬಂಗಾರದಂಗ ತಾಳೆಯಾಯ್ತು. ಮುಂದಿನ ವಾರ ಹೊಸ ಅಂಕಿ ತುಂಬಿದೆ. ಅಚ್ಚಿನ ಮಷೀನು ಕರ್ರ್ ಅಂತ ಹಾಳಿ ಉಗುಳ್ತು. ನಮ್ಮ ಹೆಡ್ ಕ್ಲರ್ಕು, ನಾನು ಕಾಕಾ ಅಂತಿದ್ದೆ, ಕಿವಿಯಿಂದ ಪೆನ್ಸಿಲ್ ತಗದು ಕೂಡಿಸಿದ್ರು. ಮುಖ ಅರಳ್ತು.

"ಏನವ್ವಾ ತಂಗಿ, ನಿನ್ನ ಮಷೀನಿಗೆ ಕೂಡಸಾಕ ಬರಂಗಿಲ್ಲೇನು? ಮೂರೂ ಕೂಡಿಸಿದ್ರ ನೂರಾ ಒಂದು. ಇದು ನೂರಾ ಎರಡು ಅಂತದ!"

ಪೆನ್ಸಿಲ್ ಕಸಕೊಂಡೆ. ನಾನೇ ಕೂಡಿಸಿದೆ, ನೂರಾ ಒಂದೇ. ಕಾಕಾ ಸಮಾಧಾನ ಹೇಳಿದ್ರು: "ಹೆದರಬ್ಯಾಡ. ನಮ್ಮ ಕಾಲದಿಂದ ಒಂದು ಮದ್ದು ಅದ. ಕಡಿಮಿ ಬಿದ್ದದ್ದನ್ನ ದೊಡ್ಡ ತಾಲ್ಲೂಕಿನ ಮ್ಯಾಲ ಕೂಡ್ರಿಸಿಬಿಡು. ಮಾನ್ವಿಗೆ ಒಂದು ಸೇರಿಸು, ಮುಗೀತು."

"ಬಿತ್ತಲಾರದ್ದನ್ನ ಹೆಂಗ ಸೇರಿಸಲಿ ಕಾಕಾ? ನಾ ಸೇರಿಸಂಗಿಲ್ಲ!" ಅಂತ ಸಿಟ್ಟಿಲೇ ಅಂದೆ. ಆ ಒಂದು ಎಲ್ಲಿಂದ ಬಂತು ಅಂತ ಹುಡಕಾಕ ಮಷೀನಿನ ಮುಂದ ಕುಂತೆ.

ಊಟಕ್ಕೂ ಏಳಲಿಲ್ಲ. ಕಡೀಕೆ ಪರದೆಮ್ಯಾಲ ದಶಾಂಶ ಕಾಣೋ ಹಂಗ ಮಾಡಿದೆ ನೋಡ್ರಿ, ಕಳ್ಳ ಸಿಕ್ಕ! ಆಗಿನ ಅಂಕಿ ಈಗ ನೆನಪಿಲ್ಲ, ತಿಳೀಲಿ ಅಂತ ಹೇಳ್ತೀನಿ: ದೇವದುರ್ಗ ಮೂವತ್ತೊಂದು ಪಾಯಿಂಟ್ ನಾಕು, ಮಾನ್ವಿ ನಲವತ್ತೆರಡು ಪಾಯಿಂಟ್ ನಾಕು, ರಾಯಚೂರು ಇಪ್ಪತ್ತೆಂಟು ಪಾಯಿಂಟ್ ನಾಕು ಅಂತ ತಿಳಕೋರಿ. ಅಚ್ಚಿನಾಗ ಮೂರೂ ಪಾಯಿಂಟ್ ನಾಕು ಉದುರಿಹೋದ್ವು. ಮೊತ್ತದೊಳಗ ಮಾತ್ರ ಮೂರೂ ಕೂಡಿ ಒಂದು ಪಾಯಿಂಟ್ ಎರಡಾಗಿ ಕುಂತಿದ್ವು. ಮಷೀನು ಸುಳ್ಳು ಹೇಳಿರಲಿಲ್ಲ. ಮೊದಲ ವಾರ ಒಂದು ತಾಲ್ಲೂಕು ಮ್ಯಾಲ ಏರಿ, ಮತ್ತೊಂದು ಕೆಳಗ ಇಳದು ತಾನಾಗೇ ಸರಿಹೋಗಿತ್ತು. ಅದು ಲೆಕ್ಕ ಅಲ್ಲ, ನಸೀಬು.

ಈಗ ಎರಡು ದಾರಿ. ದಶಾಂಶ ತಗದು ದುಂಡು ಮಾಡಿದ ಅಂಕಿಗಳನ್ನ ಕೂಡಿಸಿದ್ರ ಹಾಳಿ ಚೆಂದ ಕಾಣತದ, ಆದ್ರ ಬಿತ್ತಿದ ಭೂಮಿ ಮಾಯ ಆಗತದ. ಪೂರ್ತಿ ಕೂಡಿಸಿ ಕಡೀಕೆ ದುಂಡು ಮಾಡಿದ್ರ ಮೊತ್ತ ಖರೇ, ಆದ್ರ ಪೆನ್ಸಿಲ್ ಹಿಡದವರಿಗೆಲ್ಲ ತಪ್ಪು ಕಾಣತದ. ಕಡೀಕೇ ದುಂಡು ಮಾಡೋದು ಅಂತ ನಿರ್ಧಾರ ಮಾಡಿದೆ. ಆದ್ರ ಮತ್ತೊಂದು ಕಣ್ಣಿಗೆ ಬಿತ್ತು. ಮಾನ್ವಿಯವರು ದಶಾಂಶ ಸಮೇತ ಕಳಸಿದ್ರು. ದೇವದುರ್ಗದ ಹಾಳಿಯೊಳಗ ಒಂದು ಊರಿಗೂ ದಶಾಂಶ ಇಲ್ಲ, ಎಲ್ಲಾ ಇಡೀ ಹೆಕ್ಟೇರು. ಹಂಗ್ಯಾರು ಬಿತ್ತತಾರ? ಫೋನು ಹಚ್ಚಿದ್ರ ಗೊರಗೊರ. ಶನಿವಾರ ಮುಂಜಾನೆ ದೇವದುರ್ಗದ ಬಸ್ ಹತ್ತಿದೆ.

ಗಬ್ಬೂರು ದಾಟಿದ್ವಿ. ಕಿಟಕಿಯ ಹೊರಗ ಹತ್ತಿ, ಹತ್ತಿ, ಆಮ್ಯಾಲ ಒಂದು ಸಣ್ಣ ತುಂಡು ಹಳದಿ. ಸೂರ್ಯಕಾಂತಿ! ಮುಂದಿನ ಊರಾಗ ಮತ್ತೊಂದು ತುಂಡು. ಮತ್ತ ಮುಂದ ಮತ್ತೊಂದು. ನನ್ನ ತೊಡಿಮ್ಯಾಲಿದ್ದ ಬೆಳಿವಾರು ಹಾಳಿಯೊಳಗ ಆ ಊರುಗಳ ಸೂರ್ಯಕಾಂತಿ ಸೊನ್ನೆ, ಸೊನ್ನೆ, ಸೊನ್ನೆ. ನಾನು ಜೋರಾಗಿ ನಕ್ಕೆ. ಬಾಜೂಕ ಕುಂತಿದ್ದ ಮುದುಕಿ, "ಯಾಕವ್ವಾ, ಆರಾಮ ಇದ್ದೀಯಿಲ್ಲೋ?" ಅಂತ ನನ್ನ ಹಣಿ ಮುಟ್ಟಿ ನೋಡಿದ್ಲು.

ದೇವದುರ್ಗದ ಗುಮಾಸ್ತರು ಒಳ್ಳೆ ಮನುಷ್ಯ, ಮೊದಲು ಚಾ ತರಿಸಿದ್ರು. "ಊರೂರಿಗೇ ದುಂಡು ಮಾಡ್ತೀವಿ ಅಕ್ಕಾರ. ಅರ್ಧಕ್ಕಿಂತ ಕಡಿಮಿ ಇದ್ರ ಬಿಡೋದು, ಅರ್ಧ ಅಥವಾ ಹೆಚ್ಚಿದ್ರ ಒಂದು ಹಾಕೋದು. ಸಾಲಿಯೊಳಗ ಕಲಿಸಿದ್ದೇ ಅದಲ್ಲೇನ್ರೀ?"

"ಕಲಿಸಿದ್ದು ಖರೇರೀ. ಆದ್ರ ಒಂದು ಎಕರೆ ಅಂದ್ರ ಎಷ್ಟು ಹೆಕ್ಟೇರು?"

"ಪಾಯಿಂಟ್ ನಾಕು..." ಅಂದವರು ಬಾಯಾಗಿನ ಚಾ ನುಂಗೋದು ಮರತ್ರು. ಹತ್ತು ಊರಾಗ ಒಂದೊಂದು ಎಕರೆ ಬಿತ್ತಿದ್ರ ನಾಕು ಹೆಕ್ಟೇರು. ಊರೂರಿಗೇ ದುಂಡು ಮಾಡಿದ್ರ ಹತ್ತು ಸೊನ್ನೆ. ಜ್ವಾಳ, ಹತ್ತಿಯಂಥ ದೊಡ್ಡ ಬೆಳಿಯೊಳಗ ಹೆಚ್ಚು-ಕಡಿಮಿ ಒಂದಕ್ಕೊಂದು ಹೊಡದು ಹೋಗತಿತ್ತು. ಹೊಸದಾಗಿ ಅಂಜಕೊಂತ ಎಕರೆ ಬಿತ್ತಿದವನ ಹೊಲ ಮಾತ್ರ ಪ್ರತಿ ಊರಾಗೂ ಅಳಿಸಿಹೋಗತಿತ್ತು. "ಅಯ್ಯ ನಿನ್ನ!" ಅಂದು ಅವರು ಊರಿನ ಮೂಲ ಹಾಳಿಗಳನ್ನೆಲ್ಲ ನನ್ನ ಚೀಲಕ್ಕ ತುಂಬಿದ್ರು.

ಭಾನುವಾರ ಅವನ್ನೆಲ್ಲ ಗುಂಟೆಯೊಳಗ ತುಂಬಿದೆ. ಎಕರೆಗೆ ನಲವತ್ತು ಗುಂಟೆ, ಮುರುಕು ಇಲ್ಲ, ದಶಾಂಶ ಇಲ್ಲ. ಕೂಡಿಸೋದೆಲ್ಲ ಗುಂಟೆಯೊಳಗ, ಹೆಕ್ಟೇರ್ ಮಾಡೋದು ಆಮ್ಯಾಲ, ದುಂಡು ಮಾಡೋದು ಅಚ್ಚಿನ ಬಾಗಿಲಾಗ ಮಾತ್ರ. ಹಿಟ್ಟೆಲ್ಲ ನಾದಿದ ಮ್ಯಾಲೇ ರೊಟ್ಟಿ ಬಡಿಯೋದಲ್ಲೇನು? ದೇವದುರ್ಗದ ದೊಡ್ಡ ಮೊತ್ತ ಅಷ್ಟೇನೂ ಅಲ್ಲಾಡಲಿಲ್ಲ. ಸೂರ್ಯಕಾಂತಿ ಮಾತ್ರ ಸೊನ್ನೆಯಿಂದ ಎದ್ದು ನಿಂತಿತು. ಹಾಳಿಯ ಕೆಳಗ ಒಂದು ಸಾಲು ಹಾಕಿದೆ: "ಅಂಕಿಗಳನ್ನು ದುಂಡು ಮಾಡಿರುವುದರಿಂದ ಸಾಲುಗಳ ಮೊತ್ತಕ್ಕೂ ಒಟ್ಟು ಮೊತ್ತಕ್ಕೂ ಅಲ್ಪ ವ್ಯತ್ಯಾಸವಿರಬಹುದು."

ಸೋಮವಾರ ಸಾಹೇಬ್ರು ಎಲ್ಲರ ಮುಂದೇ ಪೆನ್ಸಿಲ್ ತಗದ್ರು. ನೂರಾ ಒಂದು. ಅಚ್ಚಿನಾಗ ನೂರಾ ಎರಡು. "ಇನ್ನೂ ತಾಳೆ ಇಲ್ಲಲ್ಲ?" ಅಂದ್ರು.

ಎದ್ದು ನಿಂತು ಎಲ್ಲಾ ಹೇಳಿದೆ. ಪಾಯಿಂಟ್ ನಾಕು, ಗುಂಟೆ, ಬಸ್ಸಿನ ಕಿಟಕಿ, ಹಳದಿ ಹೊಲ, ಹಣಿ ಮುಟ್ಟಿದ ಮುದುಕಿ ಸಮೇತ ಒಂದೇ ಉಸುರಿನಾಗ. ಕಡೀಕೆ, "ಇದು ನೂರಾ ಒಂದು ಆಗಬೇಕಂದ್ರ ಬಿತ್ತಿದ್ದನ್ನ ಅಳಿಸಬೇಕು ಸಾಹೇಬ್ರ. ಮಾನ್ವಿಗೆ ಒಂದು ಏರಿಸಿದ್ರ ಬಿತ್ತಲಾರದ್ದನ್ನ ಬರೀಬೇಕು. ನಾ ಎರಡೂ ಮಾಡಂಗಿಲ್ಲ. ಬೇಕಾದ್ರ ಟೈಪರೈಟರಿಗೆ ಹೋಗ್ತೀನಿ" ಅಂದೆ.

ಸಾಹೇಬ್ರು ಕಾಕಾನ ಕಡೆ ತಿರುಗಿದ್ರು. "ಏನ್ರೀ, ಹಿಂದಿನ ವರ್ಷಗಳಾಗ ಮಾನ್ವಿಯೊಳಗ ಹೆಚ್ಚಿಗಿ ಬಂದದ್ದನ್ನ ಯಾರು ಬಿತ್ತಿದ್ರು?"

ಕಾಕಾ ತಲಿ ಕೆರಕೊಂಡ್ರು. "ನಾನೇ ರೀ. ಇದೇ ಪೆನ್ಸಿಲ್‌ನಿಂದ."

ಮೀಟಿಂಗು ಗೊಳ್ಳಂತ ನಗ್ತು. ಸಾಹೇಬ್ರೂ ನಕ್ಕು ಹಾಳಿಗೆ ಸಹಿ ಹಾಕಿದ್ರು. ನಾನು ಓಡಿಹೋಗಿ ತಣ್ಣಗಿನ ಕೋಣಿಯಾಗ ಮಷೀನಿನ ತಲಿಮ್ಯಾಲ ಕೈ ಇಟ್ಟು ಅತ್ತೆ. ಚಪ್ಪಲಿ ಬಿಡೋದೂ ಮರತಿದ್ದೆ.

ಕೆಲವು ವಾರ ಆದಮ್ಯಾಲ ಹೊಸ ಅಂಕಿ ತುಂಬಿದಾಗ ಮತ್ತ ಒಂದರಿಂದ ತಾಳೆ ತಪ್ಪಿತು. ಬೆಂಗಳೂರಿನ ದೊಡ್ಡ ಕಚೇರಿಯಿಂದ ಫೋನು ಬಂತು. ನಾನು ಏಳೋದರೊಳಗ ಕಾಕಾ ರಿಸೀವರ್ ಕಸಕೊಂಡ್ರು. ಆಚೆಯವರು ಏನೋ ಜೋರು ಮಾಡಾಕತ್ತಿದ್ರು. ಕಾಕಾ ಎಲ್ಲಾ ಕೇಳಿ, ಎದಿ ಮುಂದ ಮಾಡಿ ಅಂದ್ರು:

"ತಪ್ಪಿಲ್ಲರೀ. ಮಾನ್ವಿಯೊಳಗ ನಾನೀಗ ಬಿತ್ತೋದು ಬಿಟ್ಟೀನಿ. ಕೆಳಗಿನ ಸಾಲು ಓದ್ರಿ."