ತೆರೆಯದ ಫಾರಂ ಮತ್ತು ನಾನು ಹಾಕದ ಸಹಿ

‘ಇವರಿಗೆ: ವೆಬ್‌ಮಾಸ್ಟರ್, ನಗರಸಭೆ ಕಾರ್ಯಾಲಯ. ವಿಷಯ: ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸುವ ಅರ್ಜಿ ನಮೂನೆಯ ಲಿಂಕ್ ತೆರೆಯದಿರುವ ಬಗ್ಗೆ.’ ಜೀವಮಾನದಲ್ಲಿ ನಾನು ಬರೆದ ಕಾಗದಗಳಲ್ಲಿ ಇಷ್ಟು ಸಪ್ಪೆಯಾದದ್ದು ಇನ್ನೊಂದಿಲ್ಲ. ನನ್ನನ್ನು ಇಷ್ಟು ಆಟ ಆಡಿಸಿದ್ದೂ ಇನ್ನೊಂದಿಲ್ಲ.

ಆಗ ನಾವು ವಸಂತಪುರದಲ್ಲಿ ಬಾಡಿಗೆಗಿದ್ದೆವು. ನಾನು ಪದ್ಮನಾಭನಗರದ ಟ್ಯೂಷನ್ ಸೆಂಟರ್ ಒಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಹದಿಮೂರು ವರ್ಷದ ಮಗಳು ಚೆಸ್‌ನಲ್ಲಿ ಗೆದ್ದು ಗೆದ್ದು ಕೊಲಂಬೋಗೆ ಹೋಗುವ ತಂಡಕ್ಕೆ ಆಯ್ಕೆಯಾಗಿದ್ದಳು. ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಬೇಕು. ಪ್ರಮಾಣಪತ್ರವೇನೋ ನಮ್ಮ ಬೀರುವಿನಲ್ಲಿ ಇತ್ತು, ಆದರೆ ಹೆಸರಿನ ಜಾಗದಲ್ಲಿ ಒಂದು ಸಣ್ಣ ಗೆರೆ ಎಳೆದಿದ್ದರು. ಆಸ್ಪತ್ರೆಯವರು ಹುಟ್ಟಿದ ವಾರದಲ್ಲೇ ನೋಂದಾಯಿಸಿಬಿಟ್ಟಿದ್ದರು. ನಮ್ಮತ್ತೆ ನಾಮಕರಣಕ್ಕೆ ಮೂರನೇ ತಿಂಗಳಿನ ಮುಹೂರ್ತ ಹಿಡಿದು ಕೂತಿದ್ದರು. ಹೆಸರಿಟ್ಟ ಮೇಲೆ ಹೋಗಿ ಸೇರಿಸೋಣ ಅಂದುಕೊಂಡವಳು ನಾನು, ಮರೆತವಳೂ ನಾನೇ. ಆ ತಪ್ಪು ನನ್ನದು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಅವಳು ಹುಟ್ಟಿದ ಪಕ್ಕದ ಊರಿನ ನಗರಸಭೆಯಲ್ಲಿ ಜನನ–ಮರಣ ವಿಭಾಗದ ಗುಮಾಸ್ತರು ನನ್ನ ಮುಖ ನೋಡದೆಯೇ ಹೇಳಿದರು: “ಫಾರಂ ಇಲ್ಲಿ ಕೊಡಲ್ಲ ಮೇಡಂ. ಈಗೆಲ್ಲಾ ವೆಬ್‌ಸೈಟಲ್ಲಿದೆ. ಡೌನ್‌ಲೋಡ್ ಮಾಡ್ಕೊಂಡ್ ಬನ್ನಿ.”

ಒಳ್ಳೆಯದೇ ಆಯಿತು ಎಂದು ಸೈಬರ್ ಸೆಂಟರಿಗೆ ಹೋದೆ. ನಗರಸಭೆಯ ಪುಟ ತೆರೆಯಿತು, ಅಧ್ಯಕ್ಷರ ನಗುಮುಖ ಬಂತು, ಫಾರಂಗಳ ಉದ್ದನೆಯ ಪಟ್ಟಿಯೂ ಬಂತು. ನನಗೆ ಬೇಕಾದ ಹೆಸರಿನ ಮೇಲೆ ಒತ್ತಿದರೆ ಬಿಳಿ ಪರದೆ, ಅದರ ಮೇಲೆ ಈ ಪುಟ ಸಿಗುತ್ತಿಲ್ಲ ಎಂಬ ಇಂಗ್ಲಿಷ್ ವಾಕ್ಯ. ಮರುದಿನವೂ ಅದೇ, ಅದರ ಮರುದಿನವೂ ಅದೇ.

ಹೋಗಿ ಹೇಳಿದಾಗ ಗುಮಾಸ್ತರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಅದು ಯಾವಾಗ್ಲೋ ಹೋಗಿದೆ. ಎದುರುಗಡೆ ಜೆರಾಕ್ಸ್ ಅಂಗಡೀಲಿ ಸಿಗತ್ತೆ, ಎಲ್ರೂ ಅಲ್ಲೇ ತಗೊಳ್ತಾರೆ.”

“ಮತ್ತೆ ಅವತ್ತೇ ಹೇಳ್ಬಹುದಿತ್ತಲ್ಲ ಸಾರ್?”

“ನಾವು ಹಂಗೆ ಹೇಳಂಗಿಲ್ಲ ಮೇಡಂ. ವೆಬ್‌ಸೈಟಲ್ಲಿದೆ ಅಂತಾನೇ ಹೇಳ್ಬೇಕು.”

ಮಗಳಿಗೋಸ್ಕರ ಜೆರಾಕ್ಸ್ ಅಂಗಡಿಯ ಫಾರಂ ತಂದು, ತುಂಬಿ, ಶಾಲೆಯ ದಾಖಲೆ ಮತ್ತು ಹಳೆಯ ಪ್ರಮಾಣಪತ್ರದ ಜೊತೆಗೆ ಕೊಟ್ಟುಬಂದೆ. ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ಲೆಕ್ಕ ಮಾಡಿದ ಕ್ರಮ ತಪ್ಪಾಗಿದ್ದರೂ ಕೊನೆಗೆ ಸರಿ ಉತ್ತರ ಬರೆದು ತಂದ ಮಗುವಿನ ಪುಸ್ತಕ ನೋಡಿದಾಗ ಆಗುವ ಸಿಟ್ಟು ಅದು. ಪುಟದ ಅಡಿಯಲ್ಲಿ ‘ವೆಬ್‌ಮಾಸ್ಟರ್’, ಅಂದರೆ ವೆಬ್‌ಸೈಟ್ ನೋಡಿಕೊಳ್ಳುವವರು, ಎಂದಿದ್ದ ವಿಳಾಸಕ್ಕೆ ಇಮೇಲ್ ಬರೆದೆ. ಅದು ಐದೇ ನಿಮಿಷದಲ್ಲಿ ವಾಪಸ್ ಬಂತು. ಸರಿ, ಅದನ್ನೇ ಪ್ರಿಂಟ್ ಹಾಕಿಸಿ ಸಹಿ ಮಾಡಿ ಕಚೇರಿಯ ಟಪಾಲು ವಿಭಾಗಕ್ಕೆ ಒಯ್ದೆ.

“ವೆಬ್‌ಮಾಸ್ಟರ್ ಅಂತ ಹುದ್ದೇನೇ ಇಲ್ಲ ಮೇಡಂ. ಕಮಿಷನರ್‌ಗೆ ಅಂತ ಬರೀರಿ,” ಎಂದರು ಅಲ್ಲಿದ್ದವರು.

“ನಿಮ್ಮ ವೆಬ್‌ಸೈಟೇ ಇದೆ ಅನ್ನತ್ತೆ. ಇಲ್ಲ ಅಂತಾದ್ರೆ ಹಾಗಂತ ಬರೆದುಕೊಡಿ.”

ಬರೆದುಕೊಡುವ ಬದಲು ಅವರು ಸೀಲು ಒತ್ತಿ ನಂಬರ್ ಹಾಕಿಕೊಟ್ಟರು. ಮನೆಗೆ ಬಂದು ಹೇಳಿದಾಗ ಮಗಳು ಊಟದ ತಟ್ಟೆ ತಳ್ಳಿದಳು. “ನನ್ನ ಸರ್ಟಿಫಿಕೇಟ್ ಅವರ ಕೈಲೇ ಇದೆ ಅಮ್ಮ! ಈಗ ಯಾಕೆ ಜಗಳ? ನಾನು ಹೋಗೋದು ನಿನಗೆ ಬೇಡ್ವಾ?” ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಪ್ರಮಾಣಪತ್ರ ಕೊಡುತ್ತೇವೆಂದ ದಿನ ಇಬ್ಬರೂ ಹೋದೆವು. ಪಾಸ್‌ಪೋರ್ಟ್ ಅರ್ಜಿ ಕೊಡಲು ತಂಡದವರು ಗಡುವು ಕೊಟ್ಟಿದ್ದು ಮರುದಿನಕ್ಕೆ. ಕೊಡದಿದ್ದರೆ ಅವಳ ಬದಲು ಮೀಸಲು ಆಟಗಾರ್ತಿಯಾಗಿದ್ದ ಇನ್ನೊಬ್ಬ ಹುಡುಗಿ ಹೋಗುತ್ತಾಳೆ. ಗುಮಾಸ್ತರು ಡ್ರಾಯರ್‌ನಿಂದ ಹೊಸ ಪ್ರಮಾಣಪತ್ರ ತೆಗೆದು ಮೇಜಿನ ಮೇಲಿಟ್ಟರು, ಅದರ ಮೇಲೆ ಅಂಗೈ ಇಟ್ಟರು. ಇನ್ನೊಂದು ಕೈಯಲ್ಲಿ ನನ್ನದೇ ಕಾಗದ! ಕಚೇರಿ ಇಡೀ ಸುತ್ತಿ, ವೆಬ್‌ಮಾಸ್ಟರ್ ಎಲ್ಲೂ ಸಿಗದೆ, ವಿಷಯದಲ್ಲಿ ‘ಜನನ ಪ್ರಮಾಣಪತ್ರ’ ಎಂದಿದ್ದಕ್ಕೆ ಅದು ಇವರ ಮೇಜಿಗೇ ಬಂದಿತ್ತು.

“ಇದಕ್ಕೆ ನಾನು ಉತ್ತರ ಕೊಡ್ಬೇಕಂತೆ. ನಾನೇನ್ ಕಂಪ್ಯೂಟರ್ ಇಂಜಿನಿಯರಾ? ನಿಮ್ಮ ಕೆಲಸ ಆಯ್ತಲ್ಲ ಮೇಡಂ. ‘ಸಮಸ್ಯೆ ಬಗೆಹರಿದಿದೆ, ಲಿಂಕ್ ತೆರೆಯುತ್ತಿದೆ’ ಅಂತ ಇಲ್ಲೊಂದು ಸಹಿ ಹಾಕಿ, ಫೈಲ್ ಮುಚ್ತೀನಿ. ಇದನ್ನ ತಗೊಂಡ್ ಹೋಗಿ.”

“ತೆರೀತಿದ್ಯಾ?”

“ಅದೆಲ್ಲಾ ಯಾಕೆ ಈಗ?”

ಒಂದು ಸಹಿಯ ಮಾತು. ಹಿಂದೆ ಸಾಲಿನಲ್ಲಿ ಹತ್ತು ಜನ. ನನ್ನ ಸಿಟ್ಟಿಗೆ ಮಗಳ ಕೊಲಂಬೋ ಬಲಿಯಾಗುವುದು ಬೇಡವೆನಿಸಿತು. ನನಗೆ ನಾಚಿಕೆಯಾಯಿತು, ಆದರೂ ಪೆನ್ನು ತೆಗೆದುಕೊಂಡೆ. ಪೆನ್ನು ಕಾಗದಕ್ಕೆ ತಾಗುವ ಮೊದಲು ಮಗಳು ನನ್ನ ಮಣಿಕಟ್ಟು ಹಿಡಿದಳು.

“ಬೇಡಮ್ಮ. ಅದು ಸುಳ್ಳು.” ಆಮೇಲೆ ಗುಮಾಸ್ತರ ಕಡೆ ತಿರುಗಿದಳು. “ಅಂಕಲ್, ನೀವು ತೆಗೆದು ತೋರ್ಸಿ. ತೆರೆದ್ರೆ ಅಮ್ಮ ಸಹಿ ಹಾಕ್ತಾಳೆ.”

ತಾನು ಏನನ್ನು ಪಣಕ್ಕಿಡುತ್ತಿದ್ದೇನೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಪೆನ್ನು ಕೆಳಗಿಟ್ಟೆ. “ಕೇಳಿಸ್ತಲ್ಲ ಸಾರ್, ತೋರ್ಸಿ,” ಅಂದೆ. ಸಾಲಿನಲ್ಲಿದ್ದ ಹೆಂಗಸೊಬ್ಬರು, “ನನ್ನೂ ಮೂರು ಸಲ ವೆಬ್‌ಸೈಟ್ ಅಂತ ಓಡ್ಸಿದಾರೆ, ತೋರ್ಸಲಿ,” ಎಂದರು. ಸಾಲು ಮುಂದಕ್ಕೆ ಒತ್ತಿಕೊಂಡು ಬಂತು.

ಆ ವಿಭಾಗದ ಕಂಪ್ಯೂಟರಿಗೆ ಇಂಟರ್‌ನೆಟ್ಟೇ ಇರಲಿಲ್ಲ. ಗುಮಾಸ್ತರು ಗೊಣಗುತ್ತಾ ನಮ್ಮನ್ನು ಮಹಡಿಯ ಕಂಪ್ಯೂಟರ್ ಕೋಣೆಗೆ ಕರೆದೊಯ್ದರು. ಅಲ್ಲಿ ಗುತ್ತಿಗೆಯ ಮೇಲಿದ್ದ ಆಪರೇಟರ್ ಹೆಣ್ಣುಮಗಳೊಬ್ಬಳು ಕಾಗದ ಓದಿ ನಕ್ಕಳು. ಅವಳೇ ವೆಬ್‌ಮಾಸ್ಟರ್, ಅದು ಕೆಳಗಿನವರಿಗೆ ಯಾರಿಗೂ ಗೊತ್ತಿರಲಿಲ್ಲ.

“ಸೈಟನ್ನ ಹೊಸ ಸರ್ವರ್‌ಗೆ ಹಾಕ್ದಾಗ ಫಾರಂಗಳ ಫೋಲ್ಡರ್ ಹಳೇದ್ರಲ್ಲೇ ಉಳ್ಕೊಂಡ್ಬಿಡ್ತು ಸಾರ್. ಪಟ್ಟಿ ಬಂತು, ಫಾರಂ ಬರ್ಲಿಲ್ಲ. ಕಾಪಿ ನನ್ನ ಹತ್ರಾನೇ ಇದೆ. ಆದ್ರೆ ವಿಭಾಗದವ್ರು ಬರೆದುಕೊಡದೇ ನಾನು ಏನೂ ಹಾಕಂಗಿಲ್ಲ. ಯಾರೂ ಬರೆದೇ ಇಲ್ಲ. ಇದೇ ಮೊದಲನೇ ಕಾಗದ.”

ಗುಮಾಸ್ತರು ನನ್ನ ಕಾಗದವನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಅದರ ಅಂಚಿನಲ್ಲೇ ‘ನಮೂನೆಗಳನ್ನು ಅಳವಡಿಸುವುದು’ ಎಂದು ಬರೆದು, ಪಕ್ಕದ ಕೋಣೆಯ ಅಧಿಕಾರಿಯ ಸಹಿ ಹಾಕಿಸಿಕೊಂಡು ಬಂದರು. ಇಷ್ಟು ದಿನ ಆಗದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಮಗಳೇ ಮೌಸ್ ಹಿಡಿದು ಒತ್ತಿದಳು. ಫಾರಂ ತೆರೆಯಿತು.

ಕೆಳಗೆ ಬಂದು ಬರೆದೆ: ‘ಲಿಂಕ್ ಇಂದು ಮಧ್ಯಾಹ್ನ ನನ್ನ ಕಣ್ಣೆದುರು ತೆರೆಯಿತು. ನಿನ್ನೆಯವರೆಗೆ ತೆರೆಯುತ್ತಿರಲಿಲ್ಲ.’ ಎರಡನೇ ವಾಕ್ಯ ಹೊಡೆದುಹಾಕಿ ಎಂದರು ಗುಮಾಸ್ತರು. ಆಗುವುದಿಲ್ಲ ಎಂದೆ. “ನಿಮ್ಮಂಥೋರು ಇನ್ನಿಬ್ರು ಬಂದ್ರೆ ನಾವು ಆಫೀಸಿಗೆ ಬೀಗ ಹಾಕ್ಬೇಕಾಗತ್ತೆ ಮೇಡಂ,” ಅಂದು ಪ್ರಮಾಣಪತ್ರವನ್ನು ನನ್ನ ಕಡೆ ಚಾಚಿದರು.

ನಾನು ಕೈ ಚಾಚಲಿಲ್ಲ. “ಅವಳ ಕೈಗೆ ಕೊಡಿ ಸಾರ್,” ಅಂದೆ.