ಕತ್ತಿನ ಬುಡದ ನೋವು

ನನ್ನ ಗಂಡ ತೀರಿಕೊಂಡದ್ದು ಹೃದಯಾಘಾತದಿಂದ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟಕ್ಕೆ ಕುಳಿತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಆಸ್ಪತ್ರೆಯವರು ಬರೆದುಕೊಟ್ಟದ್ದೂ ಅದನ್ನೇ. ನಮ್ಮ ಮನೆಯಲ್ಲಿ ಮಾತ್ರ ಆ ಸಾವಿಗೆ ಬೇರೆ ಕಾರಣವಿದೆ. ಅದಕ್ಕೆ ಐದಾರು ವರ್ಷ ಮೊದಲು ನಾನು ಕೆಲವು ವಾರ ತಾಳಿ ತೆಗೆದಿಟ್ಟಿದ್ದೆ. ಅತ್ತೆಯ ಪ್ರಕಾರ ಅವರ ಮಗ ಸತ್ತದ್ದು ಅದರಿಂದ.

ಆಗ ನಾವು ಬನಶಂಕರಿ ಎರಡನೇ ಹಂತದಲ್ಲಿ ಬಾಡಿಗೆಗಿದ್ದೆವು. ಎಪ್ಪತ್ತರ ದಶಕದ ಕೊನೆ. ಆ ಮಳೆಗಾಲದಲ್ಲಿ ಬೀದಿಗೆಲ್ಲ ಫ್ಲೂ ಹರಡಿತ್ತು. ನನಗೂ ಬಂತು. ನೆಗಡಿ, ಮೈಕೈ ನೋವು, ಒಂದು ವಾರ ಜ್ವರ, ಆಮೇಲೆ ಹೋಯಿತು. ಹೋಗಿ ಮೂರು ನಾಲ್ಕು ವಾರವಾದ ಮೇಲೆ ಗಂಟಲು ನೋಯತೊಡಗಿತು. ಎಂಜಲು ನುಂಗಿದರೂ ನೋವು ಬಲಗಿವಿಯವರೆಗೆ ಎಳೆಯುತ್ತಿತ್ತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು.

ನಮ್ಮ ರಸ್ತೆಯ ಕೊನೆಯಲ್ಲಿದ್ದ ಡಾಕ್ಟರು ಬಾಯಿ ತೆಗೆಸಿ ಟಾರ್ಚು ಬಿಟ್ಟು ನೋಡಿದರು. ಕ್ಯಾಪ್ಸೂಲ್ ಕೊಟ್ಟರು. ಅದು ಹಿಡಿಯಲಿಲ್ಲವೆಂದು ಪೆನಿಸಿಲಿನ್ ಚುಚ್ಚಿದರು. ಅದೂ ಹಿಡಿಯಲಿಲ್ಲ. ಅಷ್ಟರಲ್ಲಿ ನೋವು ಎಡಗಡೆಗೆ ಸರಿದಿತ್ತು. ಅದನ್ನು ಹೇಳಿದರೆ ಅವರು ನಕ್ಕರು.

"ಹೋದ ವಾರ ಬಲಗಡೆ ಅಂದ್ರಿ, ಈಗ ಎಡಗಡೆ ಅಂತೀರಿ. ಯಾವ್ದಾದ್ರೂ ಒಂದು ಕಡೆ ಇಟ್ಕೊಳ್ಳಿ ಅಮ್ಮ, ಔಷಧಿ ಕೊಡೋಕೆ ನಮ್ಗೂ ಸುಲಭ."

ಜೊತೆಗೆ ಬಂದಿದ್ದ ನನ್ನ ಗಂಡನೂ ನಕ್ಕರು. ಮನೆಗೆ ಬಂದು ಆ ಮಾತನ್ನು ಅವರಮ್ಮನಿಗೂ ಹೇಳಿದರು. ಅಲ್ಲಿಂದ ಅದು ಪಕ್ಕದ ಮನೆಗೆ ಹೋಯಿತು. ನೀರಿಗೆ ನಿಂತಾಗ ಹೆಂಗಸರು ನನ್ನನ್ನು, "ಇವತ್ತು ಯಾವ ಕಡೆ?" ಎಂದು ಕೇಳುತ್ತಿದ್ದರು.

ಆ ದಿನಗಳಲ್ಲಿ ನಾನು ಇಳಿದುಹೋದೆ. ರವಿಕೆಗಳೆಲ್ಲ ಸಡಿಲವಾದವು. ತಣ್ಣಗಿನ ಹೊತ್ತಿನಲ್ಲೂ ಬೆವರುತ್ತಿದ್ದೆ. ಸುಮ್ಮನೆ ಕುಳಿತಿದ್ದರೂ ಎದೆ ಹೊಡೆದುಕೊಳ್ಳುತ್ತಿತ್ತು. ಸಾರು ಬಡಿಸುವಾಗ ಸೌಟು ನಡುಗಿ ತಟ್ಟೆಯ ಹೊರಗೆ ಚೆಲ್ಲುತ್ತಿತ್ತು.

"ಕೆಲ್ಸ ಅಂದ್ರೆ ಇವಳಿಗೆ ಕೈ ನಡುಗತ್ತೆ," ಎನ್ನುತ್ತಿದ್ದರು ಅತ್ತೆ. "ತಿನ್ನೋವಾಗ ನಡುಗಲ್ಲ." ತಿನ್ನುವಾಗಲೂ ನಡುಗುತ್ತಿತ್ತು. ನುಂಗಲಾಗದೆ ಮಜ್ಜಿಗೆಯಲ್ಲಿ ಅನ್ನ ಹಿಸುಕಿ ಕುಡಿಯುತ್ತಿದ್ದೆ.

ನನ್ನ ತಾಳಿ ಗಿಡ್ಡ ಕರಿಮಣಿ ಸರದಲ್ಲಿತ್ತು. ಅದು ಕತ್ತಿನ ಬುಡಕ್ಕೆ ಸರಿಯಾಗಿ ಕೂರುತ್ತಿತ್ತು. ಒಂದು ಭಾನುವಾರ ತಲೆ ಬಾಚಿಕೊಳ್ಳುವಾಗ ಅದು ಎಳೆದು, ಸಹಿಸಲಾಗದೆ ಕೂಗಿಬಿಟ್ಟೆ. ಇವರು ಬಂದು ನೋಡಿದರು. ನಾನಾಗಿ ಕೇಳಲಿಲ್ಲ. ಅವರೇ ಹಿಂದೆ ನಿಂತು ಕೊಂಡಿ ಬಿಚ್ಚಿದರು. ಸರವನ್ನು ದೇವರ ಪಟದ ಮುಂದಿನ ಕುಂಕುಮದ ಭರಣಿಯಲ್ಲಿಟ್ಟು, "ನೋವು ಹೋದ್ಮೇಲೆ ಹಾಕ್ಕೊಳ್ಳುವೆಯಂತೆ. ಅಮ್ಮಂಗೆ ನಾನ್ ಹೇಳ್ತೀನಿ," ಎಂದರು.

ಹೇಳಲಿಲ್ಲ. ಸಂಜೆ ದೀಪ ಹಚ್ಚುವಾಗ ಅತ್ತೆಯೇ ನೋಡಿದರು. ಸರ ತೆಗೆಯಲೇಬೇಕಾದರೆ ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಹಾಕಿಕೊಳ್ಳುವುದು ನಮ್ಮಲ್ಲಿ ರೂಢಿ. ಅವರು ಅದನ್ನು ಕಟ್ಟಿ ತಂದರು. ಹಾಕಿಕೊಂಡೆ, ಕೊಂಬು ಒತ್ತಿ ನೋವಾಗಿ ಸ್ವಲ್ಪ ಹೊತ್ತಿಗೆ ಅದನ್ನೂ ತೆಗೆದೆ.

"ದಾರವೂ ಭಾರನಾ ನಿಂಗೆ? ಗಂಡ ಬದುಕಿರೋವಾಗ್ಲೇ ಬೋಳು ಕತ್ತು ಬೇಕಾ?"

ಇವರು ಅಲ್ಲೇ ಕುರ್ಚಿಯಲ್ಲಿದ್ದರು. ಪೇಪರಿನ ಹಾಳೆ ತಿರುವಿದ ಸದ್ದು ಕೇಳಿಸಿತು, ಅಷ್ಟೇ.

ಮರುವಾರ ಜಯನಗರದಲ್ಲಿ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದವರು, ಮಾತು ಕಡಿಮೆ. ಅವರೂ ಮೊದಲು ಗಂಟಲು ನೋಡಿದರು. "ಇಲ್ಲಿ ಏನೂ ಇಲ್ಲ, ಚೆನ್ನಾಗಿದೆ," ಎಂದರು. ನನಗೆ ಅಳು ಬಂತು. ಈ ಡಾಕ್ಟರೂ ಹಾಗೇ ಹೇಳಿ ಕಳಿಸುತ್ತಾರೆ ಎಂದುಕೊಂಡೆ. ಅವರು ನನ್ನ ಕತ್ತನ್ನೇ ನೋಡುತ್ತಿದ್ದರು.

"ತಾಳಿ ಯಾಕಮ್ಮ ಹಾಕಿಲ್ಲ?"

"ತಗುಲಿದ್ರೆ ನೋವು ಡಾಕ್ಟ್ರೆ."

"ಎಲ್ಲಿ? ಬೆರಳಿಟ್ಟು ತೋರಿಸಿ."

ತೋರಿಸಿದೆ. "ಗಂಟಲು ನೋವು ಅಂತ ಬರೋರು ಬಾಯೊಳಗೆ ತೋರಿಸ್ತಾರೆ. ನೀವು ಇಷ್ಟು ಕೆಳಗೆ ತೋರಿಸ್ತಿದೀರಲ್ಲ," ಎಂದು ಎದ್ದು ನನ್ನ ಹಿಂದೆ ಬಂದು ನಿಂತರು. ಎರಡೂ ಕೈಯ ಬೆರಳುಗಳನ್ನು ಕತ್ತಿನ ಬುಡಕ್ಕಿಟ್ಟು ನೀರು ನುಂಗಿಸಿದರು. ಅವರ ಬೆರಳಿನ ಕೆಳಗೆ ಗಟ್ಟಿಯಾದದ್ದೇನೋ ನುಂಗಿದ ಹಾಗೆ ಮೇಲಕ್ಕೆ ಹೋಗಿ ಇಳಿಯಿತು. ಸ್ವಲ್ಪ ಒತ್ತಿದ್ದಕ್ಕೆ ಕಣ್ಣಲ್ಲಿ ನೀರು ಬಂತು. ಆಮೇಲೆ ಕೈ ಚಾಚಿಸಿ ಬೆರಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಅದುರಿತು. ನಾಡಿ ಹಿಡಿದುಕೊಂಡೇ, "ಒಂದೆರಡು ತಿಂಗಳ ಹಿಂದೆ ಜ್ವರ ಬಂದಿತ್ತಾ?" ಎಂದರು. ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ರಕ್ತ ಪರೀಕ್ಷೆಯಲ್ಲಿ, ಒಳಗೆಲ್ಲೋ ಉರಿಯೂತವಿದ್ದರೆ ಏರುವ ಇಎಸ್ಆರ್ ವಿಪರೀತ ಏರಿತ್ತು. ದೊಡ್ಡ ಆಸ್ಪತ್ರೆಗೆ ಕಳಿಸಿ ಅಯೋಡಿನ್ ಕುಡಿಸುವ ಪರೀಕ್ಷೆಯನ್ನೂ ಮಾಡಿಸಿದರು. ಕತ್ತಿನ ಬುಡದಲ್ಲಿರುವ ಥೈರಾಯ್ಡ್ ಗ್ರಂಥಿ ಅಯೋಡಿನ್ನನ್ನು ಹೀರಿಕೊಂಡೇ ಇರಲಿಲ್ಲ. ಅವರು ಇವರನ್ನೂ ಕೂರಿಸಿಕೊಂಡು ವಿವರಿಸಿದರು. ಫ್ಲೂ ಥರದ ಜ್ವರ ಹೋದ ಕೆಲವು ವಾರಕ್ಕೆ ಈ ಗ್ರಂಥಿ ಹೀಗೆ ಊದಿಕೊಳ್ಳುವುದುಂಟು. ಒಳಗೆ ಶೇಖರವಾಗಿದ್ದ ರಸ ಒಮ್ಮೆಗೇ ರಕ್ತಕ್ಕೆ ಸೋರುತ್ತದೆ, ಅದಕ್ಕೇ ನಡುಕ, ಬೆವರು, ಎದೆಬಡಿತ. ನೋವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದೂ ಇದರ ಗುಣವೇ. ಪೆನಿಸಿಲಿನ್ನಿಂದ ಇದಕ್ಕೆ ಏನೂ ಆಗುವುದಿಲ್ಲ. ಆಪರೇಷನ್ ಬೇಡ, ಕ್ಯಾನ್ಸರ್ ಅಲ್ಲ. ಸೋರಿ ಬರಿದಾದ ಮೇಲೆ ಕೆಲವು ವಾರ ಸುಸ್ತು, ಚಳಿ ಇರಬಹುದು, ಆಮೇಲೆ ಬಹುತೇಕ ಸರಿಹೋಗುತ್ತದೆ.

"ಆಕೆ ನಾಟಕ ಮಾಡ್ತಿಲ್ಲ," ಎಂದರು ಇವರಿಗೆ. "ಊತ ಇಳಿಯೋವರ್ಗೂ ಕತ್ತಿಗೆ ಏನೂ ಹಾಕ್ಬಾರ್ದು. ಮನೇಲಿ ನೀವೇ ಹೇಳಿ."

"ಹೇಳ್ತೀನಿ ಡಾಕ್ಟ್ರೆ," ಎಂದರು ಇವರು.

ಮನೆಗೆ ಬಂದಾಗ ಅತ್ತೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು.

"ಏನಂದ್ರೋ?"

"ಏನೋ ಗಂಟಲಲ್ಲಿ ಊತವಂತೆ. ಮಾತ್ರೆ ಕೊಟ್ಟಿದಾರೆ."

"ತಾಳಿ ತೆಗೀರಿ ಅಂತಾನೂ ಬರ್ದು ಕೊಟ್ರಾ?"

ನಾನು ಬಾಗಿಲಲ್ಲೇ ನಿಂತು ಇವರ ಮುಖ ನೋಡಿದೆ. ಇವರು ಚಪ್ಪಲಿ ಬಿಟ್ಟು, "ಕಾಫಿ ಇದ್ಯಾ ಅಮ್ಮ?" ಎಂದರು.

ಆಸ್ಪಿರಿನ್ನಿಗೆ ನೋವು ಜಗ್ಗಲಿಲ್ಲ. ಆಮೇಲೆ ಕೊಟ್ಟ ಸಣ್ಣ ಸ್ಟೆರಾಯ್ಡ್ ಮಾತ್ರೆ ನುಂಗಿದ ಮಾರನೆಯ ದಿನವೇ ಇಡ್ಲಿ ತಿಂದೆ. ಮಾತ್ರೆಯನ್ನು ಒಮ್ಮೆಗೇ ಬಿಡದೆ ವಾರವಾರಕ್ಕೆ ಕಡಿಮೆ ಮಾಡಿಸಿದರು. ಆಮೇಲೆ ಅವರು ಹೇಳಿದ ಹಾಗೆ ಸ್ವಲ್ಪ ಕಾಲ ಸದಾ ಚಳಿ, ನಿದ್ದೆ. ಮತ್ತೆ ಅದೂ ಹೋಯಿತು. ಸರ ಮತ್ತೆ ಕತ್ತಿಗೆ ಬಂತು. ನಾನು ಎಷ್ಟೋ ಸಲ ಇವರನ್ನು ಕೇಳಿದೆ: ನಿಮ್ಮ ಅಮ್ಮನಿಗೆ ಒಂದು ಮಾತು ಹೇಳಬಾರದೇ? "ಆಗಿಹೋದ್ದಲ್ವಾ, ಬಿಡೇ," ಎನ್ನುತ್ತಿದ್ದರು. ಒಳ್ಳೆಯವರು. ಜಗಳಕ್ಕೆ ಹೆದರುತ್ತಿದ್ದರು. ಆ ಹೆದರಿಕೆಯನ್ನು ಒಳ್ಳೆಯತನವೆಂದೇ ಎಲ್ಲರೂ ಹೊಗಳಿದರು, ಸತ್ತ ದಿನವೂ.

ಆ ದಿನ ಅವರನ್ನು ಹಜಾರದಲ್ಲಿ ಮಲಗಿಸಿದ್ದಾಗ, ನೆಂಟರೆಲ್ಲರ ಎದುರಿಗೆ ಅತ್ತೆ, "ಅವತ್ತೇ ತೆಗೆದಿಟ್ಟಿದ್ಲಲ್ಲ, ಇವಳಿಗೆ ಬೇಕಾದ್ದೇ ಆಯ್ತು," ಎಂದರು. ನಾನು ಅಭ್ಯಾಸಬಲದಿಂದ ಇವರ ಕಡೆ ತಿರುಗಿದೆ.

ತಿಂಗಳು ಕಳೆದ ಮೇಲೆ ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಹೇಳಿದೆ. "ಅತ್ತೆ, ಅವತ್ತು ಸರ ಬಿಚ್ಚಿದ್ದು ನಾನಲ್ಲ. ನಿಮ್ಮ ಮಗ. ಡಾಕ್ಟ್ರೂ ಅವರಿಗೇ ಹೇಳಿದ್ರು."

ಅವರು ಒಲೆಯ ಮೇಲಿನ ಹಾಲು ಬಿಟ್ಟು ನನ್ನನ್ನು ನೋಡಿದರು.

"ಅವ್ನು ಹಂಗೆ ಮಾಡಿದ್ರೆ ನನ್ಹತ್ರ ಹೇಳ್ದೇ ಇರ್ತಿದ್ನಾ?"

ಆಮೇಲೆ ಹಾಲು ಉಕ್ಕಿತೆಂದು ಆ ಕಡೆ ತಿರುಗಿದರು. ನಾನು ಬಟ್ಟೆ ತಂದು ಒರೆಸಿದೆ.